ಫೋನ್ ಬದಲಾಯಿಸಿದಾಗ ಆರಂಕಿ ಕೋಡ್ ಎಲ್ಲಿ ಹೋಗುತ್ತದೆ?

ಉಡುಪಿಯಲ್ಲಿರುವ ನನ್ನ ಅಕ್ಕ ಹಪ್ಪಳ, ಮಿಡಿ ಉಪ್ಪಿನಕಾಯಿ, ಮಾಂಬಳ ಮಾಡಿ ಮಾರುತ್ತಾಳೆ. ಆರ್ಡರ್ ಎಲ್ಲ ಬರುವುದು ಇನ್‌ಸ್ಟಾಗ್ರಾಮ್‌ನಲ್ಲಿ ಮತ್ತು ಅವಳ ಸಣ್ಣದೊಂದು ವೆಬ್‌ಸೈಟಿನಲ್ಲಿ. ಯಾರೋ ಪರಿಚಯದವರ ಖಾತೆ ಹ್ಯಾಕ್ ಆದ ಮೇಲೆ ಅವಳು ಎರಡಕ್ಕೂ ಆಥೆಂಟಿಕೇಟರ್ ಆ್ಯಪ್ ಜೋಡಿಸಿಕೊಂಡಿದ್ದಳು, ಪಾಸ್‌ವರ್ಡ್ ಜೊತೆಗೆ ಹಾಕಬೇಕಾದ ಆರಂಕಿ ಕೋಡ್ ತೋರಿಸುವ ಆ್ಯಪ್ ಅದು. ಒಳ್ಳೆಯ ಕೆಲಸವೇ. ಕಳೆದ ಮೇ ತಿಂಗಳಲ್ಲಿ ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತಗೊಂಡಳು. ಅಂಗಡಿಯ ಹುಡುಗ ಫೋಟೋ, ಕಾಂಟ್ಯಾಕ್ಟ್, ವಾಟ್ಸ್ಆ್ಯಪ್ ಎಲ್ಲ ಹೊಸ ಫೋನಿಗೆ ಹಾಕಿಕೊಟ್ಟ. ಹಳೆಯದನ್ನು ಅವಳ ಕಣ್ಣೆದುರೇ ರೀಸೆಟ್ ಮಾಡಿ ತೆಗೆದಿಟ್ಟುಕೊಂಡ.

ರಾತ್ರಿ ನನಗೆ ಫೋನ್ ಬಂತು. "ಸಿಮ್ ಅದೇ, ನಂಬರ್ ಅದೇ. ಆಥೆಂಟಿಕೇಟರ್ ಆ್ಯಪ್ ಕೂಡ ಬಂದಿದೆ. ಆದ್ರೆ ಒಳಗೆ ಎಂತದೂ ಇಲ್ಲ ಮಾರಾಯ. ಕೋಡ್ ಎಲ್ಲ ಎಲ್ಲಿ ಹೋಯ್ತು?"

ಇನ್‌ಸ್ಟಾಗ್ರಾಮ್ ಮನೆಯ ಲ್ಯಾಪ್‌ಟಾಪಿನಲ್ಲಿ ಇನ್ನೂ ತೆರೆದೇ ಇತ್ತು, ಹಾಗಾಗಿ ಅದು ಉಳಿಯಿತು. ವೆಬ್‌ಸೈಟಿನದ್ದು ಮಾತ್ರ ಕೈಕೊಟ್ಟಿತು. ಸೈಟ್ ನಡೆಸುವ ಕಂಪನಿಗೆ ಮೇಲ್ ಮೇಲೆ ಮೇಲ್ ಬರೆದು, ಗುರುತಿನ ಚೀಟಿ, ಹಣ ಕಟ್ಟಿದ ರಶೀದಿ ಎಲ್ಲ ಕಳಿಸಿ, ಮತ್ತೆ ಒಳಗೆ ಹೋಗಲು ಒಂಬತ್ತು ದಿನ ಹಿಡಿಯಿತು. ಅದೂ ಮಾಂಬಳದ ಸೀಸನ್ನಿನಲ್ಲಿ.

ಅಕ್ಕ ಕೇಳಿದ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಗೊತ್ತಾದರೆ ಆ್ಯಪ್ ಹೇಗೆ ಜೋಡಿಸಬೇಕು, ಫೋನ್ ಬದಲಾಯಿಸುವಾಗ ಏನು ಮಾಡಬೇಕು ಎನ್ನುವುದು ತಾನಾಗಿ ಅರ್ಥವಾಗುತ್ತದೆ.

ಕೋಡ್ ಯಾರೂ ಕಳಿಸುವುದಿಲ್ಲ

ಬ್ಯಾಂಕಿನ ಓಟಿಪಿ ಹೊರಗಿನಿಂದ ಬರುತ್ತದೆ. ಬ್ಯಾಂಕ್ ಒಂದು ಸಂಖ್ಯೆ ಹುಟ್ಟಿಸಿ ನಿಮ್ಮ ನಂಬರಿಗೆ ಎಸ್ಸೆಮ್ಮೆಸ್ ಮಾಡುತ್ತದೆ. ಸಿಮ್ ಯಾವ ಫೋನಿನಲ್ಲಿದೆಯೋ ಅಲ್ಲಿಗೆ ಬಂದು ಬೀಳುತ್ತದೆ. ಆಥೆಂಟಿಕೇಟರ್ ಆ್ಯಪಿನಲ್ಲಿ ಕಾಣುವ ಆರಂಕಿ ಹಾಗಲ್ಲ. ಅದು ನಿಮ್ಮ ಫೋನಿನ ಒಳಗೇ ತಯಾರಾಗುತ್ತದೆ. ನೆಟ್ ಬೇಡ, ಸಿಮ್ ಕೂಡ ಬೇಡ.

ತಯಾರಾಗಲು ಬೇಕಾದದ್ದು ಎರಡೇ. ಒಂದು ಗುಟ್ಟಿನ ಕೀ, ಇನ್ನೊಂದು ಆಗಿನ ಸಮಯ. ನೀವು ಮೊದಲ ದಿನ ಕ್ಯೂಆರ್ ಸ್ಕ್ಯಾನ್ ಮಾಡಿದಿರಲ್ಲ, ಆಗ ಫೋನಿಗೆ ಇಳಿದದ್ದು ಆ ಕೀ. ಅದೇ ಕೀಯ ಇನ್ನೊಂದು ಪ್ರತಿ ಇನ್‌ಸ್ಟಾಗ್ರಾಮ್ ಅಥವಾ ಗೂಗಲ್‌ನ ಹತ್ತಿರ ಉಂಟು. ಸಮಯ ಇಬ್ಬರಿಗೂ ಒಂದೇ. 1970ರ ಜನವರಿ 1ರಿಂದ ಈಗಿನ ತನಕ ಎಷ್ಟು 30 ಸೆಕೆಂಡುಗಳ ತುಂಡು ಕಳೆದಿವೆ ಎಂದು ಇಬ್ಬರೂ ಎಣಿಸುತ್ತಾರೆ. ಈಗ ಆ ಎಣಿಕೆ 5 ಕೋಟಿ 80 ಲಕ್ಷ ದಾಟಿದೆ. ಆ ಎಣಿಕೆಯನ್ನೂ ಕೀಯನ್ನೂ ಸೇರಿಸಿ ಒಂದೇ ಲೆಕ್ಕ ಮಾಡಿದರೆ ಇಬ್ಬರಿಗೂ ಒಂದೇ ಆರಂಕಿ ಬರುತ್ತದೆ. 30 ಸೆಕೆಂಡ್ ಆದ ಕೂಡಲೇ ಎಣಿಕೆ ಒಂದು ಹೆಚ್ಚುತ್ತದೆ, ಸಂಖ್ಯೆ ಪೂರ್ತಿ ಬೇರೆ ಆಗುತ್ತದೆ. ಈ ಲೆಕ್ಕದ ಹೆಸರು TOTP. 2011ರಲ್ಲಿ RFC 6238 ಎಂಬ ದಾಖಲೆಯಲ್ಲಿ ಇದನ್ನು ಎಲ್ಲರಿಗೂ ತೆರೆದು ಬರೆದಿಟ್ಟಿದ್ದಾರೆ. ಅದಕ್ಕೇ ಗೂಗಲ್ ಖಾತೆಯ ಕೋಡನ್ನು ಗೂಗಲ್‌ನ ಆ್ಯಪಿನಲ್ಲೇ ಇಡಬೇಕು ಎಂದೇನೂ ಇಲ್ಲ. ಮೈಕ್ರೋಸಾಫ್ಟ್‌ನ ಆ್ಯಪ್, ಏಜಿಸ್, ಎಂಟೆ ಆಥ್ ಯಾವುದಾದರೂ ನಡೆಯುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಮನೆಯಲ್ಲಿ ಎರಡು ಫೋನ್ ಇದ್ದರೆ ಎರಡರಲ್ಲೂ ಗೂಗಲ್ ಆಥೆಂಟಿಕೇಟರ್ ಹಾಕಿ. ಪ್ಲಸ್ ಗುರುತು ಒತ್ತಿ, `Enter a setup key` ಆರಿಸಿ, ಹೆಸರಿನ ಜಾಗದಲ್ಲಿ ಏನಾದರೂ ಬರೆಯಿರಿ. ಕೀ ಜಾಗದಲ್ಲಿ ಇದನ್ನು ಟೈಪ್ ಮಾಡಿ, ಬಗೆ `Time based` ಎಂದೇ ಇರಲಿ:

```
GEZDGNBVGY3TQOJQGEZDGNBVGY3TQOJQ
```

ಇದು ಯಾರ ಖಾತೆಯ ಕೀಯೂ ಅಲ್ಲ. ಆ RFC ದಾಖಲೆಯಲ್ಲಿ ಪರೀಕ್ಷೆಗೆಂದು ಕೊಟ್ಟ ಕೀ. 1234567890 ಎಂದು ಎರಡು ಸಲ ಬರೆದು ಅಕ್ಷರಕ್ಕೆ ತಿರುಗಿಸಿದರೆ ಹೀಗೆ ಆಗುತ್ತದೆ. ಈಗ ಎರಡೂ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಅದೇ ಆರಂಕಿ. ಬದಲಾಗುವುದೂ ಒಟ್ಟಿಗೇ. ಅಕ್ಕನ ಮನೆಯ ಚಾವಡಿಯಲ್ಲಿ ಕೂತು ನಾನು ಇದನ್ನು ತೋರಿಸಿದಾಗ ಅವಳು ನಾಲ್ಕೈದು ಸಲ ಬದಲಾಗುವ ತನಕ ಕಣ್ಣು ತೆಗೆಯಲಿಲ್ಲ. "ಹಾಗಾದ್ರೆ ಕೋಡ್ ಕಳೆದದ್ದಲ್ಲ, ಕೀ ಕಳೆದದ್ದು" ಅಂದಳು. ಅಷ್ಟೇ ವಿಷಯ.

ಅವಳ ಹೊಸ ಫೋನಿಗೆ ಬಂದದ್ದು ಆ್ಯಪ್ ಎಂಬ ಖಾಲಿ ಡಬ್ಬಿ. ಕೀ ಎಲ್ಲ ಹಳೆಯ ಫೋನಿನಲ್ಲೇ ಇತ್ತು. ರೀಸೆಟ್ ಮಾಡಿದಾಗ ಅಳಿಸಿ ಹೋಯಿತು. ಸಿಮ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ಜೋಡಿಸುವ ದಿನವೇ ಮಾಡಬೇಕಾದದ್ದು

ಗೂಗಲ್ ಖಾತೆಯನ್ನೇ ತಗೊಳ್ಳೋಣ, ಯಾಕೆಂದರೆ ಉಳಿದ ಖಾತೆಗಳ ಪಾಸ್‌ವರ್ಡ್ ಮರೆತರೆ ಮೇಲ್ ಬರುವುದು ಅಲ್ಲಿಗೇ. ಲ್ಯಾಪ್‌ಟಾಪಿನಲ್ಲಿ ಖಾತೆ ತೆರೆದು, ಫೋನನ್ನು ಕೈಯಲ್ಲಿ ಹಿಡಿದುಕೊಂಡರೆ ಸುಲಭ. myaccount.google.com ಗೆ ಹೋಗಿ ಭದ್ರತೆಯ ಪುಟದಲ್ಲಿ `2-Step Verification` ತೆರೆಯಿರಿ. ಅದರಲ್ಲಿ `Authenticator`, ಆಮೇಲೆ `Set up authenticator`. ಪರದೆಯ ಮೇಲೆ ಕ್ಯೂಆರ್ ಬರುತ್ತದೆ.

ಇಲ್ಲಿ ಎಲ್ಲರೂ ಸ್ಕ್ಯಾನ್ ಮಾಡಿ ಮುಂದೆ ಹೋಗಿಬಿಡುತ್ತಾರೆ. ನೀವು ಒಂದು ನಿಮಿಷ ನಿಲ್ಲಿ. ಕ್ಯೂಆರ್‌ನ ಕೆಳಗೆ `Can't scan it?` ಎಂದು ಸಣ್ಣದಾಗಿ ಇರುತ್ತದೆ. ಅದನ್ನು ಒತ್ತಿದರೆ ಅದೇ ಕೀ ಅಕ್ಷರಗಳಲ್ಲಿ ಕಾಣುತ್ತದೆ, ನಾಲ್ಕು ನಾಲ್ಕರ ಗುಂಪಿನಲ್ಲಿ. ಅದನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಈ ಕೀ ತೋರಿಸುವುದು ಜೋಡಿಸುವ ಹೊತ್ತಿನಲ್ಲಿ ಮಾತ್ರ. ಆಮೇಲೆ ಕೇಳಿದರೆ ಸಿಗುವುದಿಲ್ಲ, ಹೊಸ ಕೀಯನ್ನೇ ಕೊಡುತ್ತಾರೆ. ಬರೆಯುವಾಗ ಒಂದು ಅನುಕೂಲ ಉಂಟು. ಈ ಕೀಗಳಲ್ಲಿ A ಯಿಂದ Z ತನಕದ ಅಕ್ಷರ ಮತ್ತು 2ರಿಂದ 7ರ ತನಕದ ಅಂಕೆ ಮಾತ್ರ ಬರುತ್ತವೆ. ಸೊನ್ನೆಯೋ O ಅಕ್ಷರವೋ ಎಂದು ಅನುಮಾನ ಬಂದರೆ ಅದು ಅಕ್ಷರವೇ. ಒಂದೋ I ಅಕ್ಷರವೋ ಎಂದರೂ ಅದು ಅಕ್ಷರವೇ. ದೊಡ್ಡಕ್ಷರ, ಸಣ್ಣಕ್ಷರ ಎರಡೂ ನಡೆಯುತ್ತದೆ, ನಡುವಿನ ಖಾಲಿ ಜಾಗ ಲೆಕ್ಕಕ್ಕಿಲ್ಲ.

ಬರೆದಾದ ಮೇಲೆ ಸ್ಕ್ಯಾನ್ ಮಾಡಿ. ಫೋನಿನಲ್ಲಿ ಬಂದ ಆರಂಕಿಯನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ. ಅದು ಸರಿ ಅಂದರೆ ಕೀ ಎರಡೂ ಕಡೆ ಸರಿಯಾಗಿ ಕೂತಿದೆ ಎಂದರ್ಥ. ಆ್ಯಪ್ ಸೇರಿಸಿದ ಮಾತ್ರಕ್ಕೆ ಎರಡು ಹಂತದ ಪರಿಶೀಲನೆ ಶುರುವಾಗಿದೆ ಎಂದುಕೊಳ್ಳಬೇಡಿ. ಅದೇ ಪುಟದ ಮೇಲ್ಗಡೆ `Turn on 2-Step Verification` ಎಂದು ಇನ್ನೂ ಕಾಣುತ್ತಿದ್ದರೆ ಅದನ್ನೂ ಒತ್ತಬೇಕು.

ಆಮೇಲೆ ಅಲ್ಲೇ `Backup codes` ತೆರೆಯಿರಿ. ಎಂಟಂಕಿಯ 10 ಕೋಡ್ ಕೊಡುತ್ತಾರೆ. ಒಂದೊಂದು ಕೋಡ್ ಒಂದೇ ಸಲ ಉಪಯೋಗಕ್ಕೆ. ಫೋನ್ ಇಲ್ಲದಿದ್ದರೂ ಪಾಸ್‌ವರ್ಡ್ ಮತ್ತು ಇವುಗಳಲ್ಲಿ ಒಂದು ಇದ್ದರೆ ಒಳಗೆ ಹೋಗಬಹುದು. ಹೊಸ 10 ಕೋಡ್ ತೆಗೆದರೆ ಹಳೆಯ ಕಾಗದದಲ್ಲಿರುವ ಕೋಡ್ ಒಂದೂ ನಡೆಯುವುದಿಲ್ಲ, ಹಾಗಾಗಿ ಹಳೆಯ ಕಾಗದ ಹರಿದು ಹಾಕಿ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಕೂಡ ಇಂಥ ಕೋಡ್ ಕೊಡುತ್ತವೆ. ಅಕ್ಕನ ವೆಬ್‌ಸೈಟ್ ಕಂಪನಿಯೂ ಕೊಟ್ಟಿತ್ತು. ಅವಳು ಆವತ್ತು ಪುಟ ಮುಚ್ಚಿಬಿಟ್ಟಿದ್ದಳು. ಆ ಒಂದು ಕಾಗದ ಇದ್ದಿದ್ದರೆ ಒಂಬತ್ತು ದಿನದ ಪರದಾಟ ಇರಲಿಲ್ಲ.

ಈ ಕಾಗದ ಎಲ್ಲಿಡುವುದು? ಸ್ಕ್ರೀನ್‌ಶಾಟ್ ತೆಗೆದು ಫೋನಿನಲ್ಲಿಟ್ಟರೆ ಫೋನ್ ಹೋದಾಗ ಅದೂ ಹೋಗುತ್ತದೆ. ಫೋಟೋ ಬ್ಯಾಕಪ್ ಆಗುತ್ತಿದ್ದರೆ ಕೀಯ ಚಿತ್ರ ಖಾತೆಯ ಒಳಗೇ ಕೂತಿರುತ್ತದೆ. ಖಾತೆಗೆ ಹೊಕ್ಕವರಿಗೆ ಅದು ಪುಕ್ಕಟೆ. ನನ್ನ ಮಟ್ಟಿಗೆ ಕಾಗದವೇ ಒಳ್ಳೆಯದು, ಆಸ್ತಿ ಪತ್ರ ಇಡುವ ಕಪಾಟಿನಲ್ಲಿ. ಆದರೆ ನಮ್ಮ ಕರಾವಳಿಯ ಮಳೆಗಾಲ ಗೊತ್ತಲ್ವಾ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನ ಒಳಗಿನ ಬಟ್ಟೆಗೂ ಬೂಸಲು ಬರುತ್ತದೆ. ಜೆಲ್ ಪೆನ್ನಿನ ಶಾಯಿ ತಂಡಿಗೆ ಹರಡುತ್ತದೆ. ಪೆನ್ಸಿಲಿನಲ್ಲೋ ಬಾಲ್‌ಪೆನ್ನಿನಲ್ಲೋ ಬರೆದು, ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ಮೇಲೆ ಯಾವ ಖಾತೆ, ಯಾವ ತಾರೀಕು ಎಂದು ಬರೆಯಿರಿ. ಪಾಸ್‌ವರ್ಡನ್ನು ಮಾತ್ರ ಅದೇ ಕಾಗದದಲ್ಲಿ ಬರೆಯಬೇಡಿ.

ಹಳೆಯ ಫೋನ್ ಕೈಯಲ್ಲಿರುವಾಗಲೇ

ಹೊಸ ಫೋನ್ ಬಂತು, ಹಳೆಯದೂ ಕೈಯಲ್ಲಿದೆ. ಇದಕ್ಕಿಂತ ಒಳ್ಳೆಯ ಸ್ಥಿತಿ ಇಲ್ಲ. ಗೂಗಲ್ ಆಥೆಂಟಿಕೇಟರ್ ಆದರೆ ಹಳೆಯ ಫೋನಿನ ಮೆನುವಿನಲ್ಲಿ `Transfer accounts`, ಅದರಲ್ಲಿ `Export accounts`. ಫೋನಿನ ಲಾಕ್ ಕೇಳುತ್ತದೆ. ಯಾವ ಖಾತೆ ಬೇಕೋ ಆರಿಸಿದರೆ ಒಂದು ಕ್ಯೂಆರ್ ಬರುತ್ತದೆ. ಹೊಸ ಫೋನಿನಲ್ಲಿ ಅದೇ ಮೆನುವಿನಿಂದ `Import accounts` ಒತ್ತಿ ಅದನ್ನು ಸ್ಕ್ಯಾನ್ ಮಾಡಬೇಕು. ಖಾತೆ 10ಕ್ಕಿಂತ ಜಾಸ್ತಿ ಇದ್ದರೆ ಒಂದಕ್ಕಿಂತ ಹೆಚ್ಚು ಕ್ಯೂಆರ್ ಬರುತ್ತದೆ, ಎಲ್ಲವನ್ನೂ ಒಂದೊಂದಾಗಿ ಸ್ಕ್ಯಾನ್ ಮಾಡಿ. ಆಂಡ್ರಾಯ್ಡ್‌ನಿಂದ ಐಫೋನ್‌ಗೂ ಇದು ನಡೆಯುತ್ತದೆ.

ಆ ಒಂದು ಚಿತ್ರದಲ್ಲಿ ನಿಮ್ಮ ಎಲ್ಲ ಕೀಗಳೂ ಇವೆ. ಅಂಗಡಿಯ ಕೌಂಟರಿನಲ್ಲಿ, ಹತ್ತು ಜನ ನಿಂತಿರುವಲ್ಲಿ ಅದನ್ನು ತೆರೆಯಬೇಡಿ. ಮನೆಯಲ್ಲೇ ಮಾಡಿ, ಆಮೇಲೆ ಅಂಗಡಿಗೆ ಹೋಗಿ.

ಕೀ ಹೋದದ್ದಲ್ಲ, ಅದರ ಪ್ರತಿ ಆದದ್ದು. ಹಾಗಾಗಿ ಈಗ ಎರಡೂ ಫೋನಿನಲ್ಲಿ ಒಂದೇ ಕೋಡ್ ಕಾಣಬೇಕು. ಹಳೆಯ ಫೋನಿನಿಂದ ತೆಗೆದುಬಿಡಲೇ ಎಂದು ಆ್ಯಪ್ ಕೇಳಿದರೆ ಸದ್ಯಕ್ಕೆ ಬೇಡ ಎನ್ನಿ. ಮೊದಲು ಪರೀಕ್ಷೆ. ಲ್ಯಾಪ್‌ಟಾಪಿನಲ್ಲಿ ಪ್ರೈವೇಟ್ ವಿಂಡೋ ತೆರೆದು, ಒಂದೊಂದೇ ಖಾತೆಗೆ ಹೊಸ ಫೋನಿನ ಕೋಡ್ ಹಾಕಿ ಒಳಗೆ ಹೋಗಿ ನೋಡಿ. ಗೂಗಲ್ ಕೆಲವೊಮ್ಮೆ ಕೋಡ್ ಕೇಳದೆ ಫೋನಿನಲ್ಲಿ ಹೌದು ಒತ್ತಿ ಎನ್ನುತ್ತದೆ. ಆಗ `Try another way` ಒತ್ತಿ ಆಥೆಂಟಿಕೇಟರ್ ಆರಿಸಬೇಕು. ಎಲ್ಲ ಖಾತೆಯೂ ತೆರೆದ ಮೇಲೆ ಹಳೆಯ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ ಕೊಡಿ. ಕೀ ಅಲ್ಲಿ ಉಳಿದರೆ ಅದು ಕೋಡ್ ಹುಟ್ಟಿಸುತ್ತಲೇ ಇರುತ್ತದೆ.

ಇನ್ನೊಂದು ತಪ್ಪು ಜಾಸ್ತಿ ಜನ ಮಾಡುತ್ತಾರೆ. ಆ್ಯಪಿನಿಂದ ಖಾತೆಯ ಸಾಲನ್ನು ಅಳಿಸಿದರೆ ಎರಡು ಹಂತದ ಪರಿಶೀಲನೆ ನಿಂತಿತು ಎಂದುಕೊಳ್ಳುತ್ತಾರೆ. ನಿಲ್ಲುವುದಿಲ್ಲ. ಖಾತೆ ಕೋಡ್ ಕೇಳುತ್ತಲೇ ಇರುತ್ತದೆ, ಕೋಡ್ ಹುಟ್ಟಿಸುವ ಕೀ ಮಾತ್ರ ನಿಮ್ಮಲ್ಲಿ ಇರುವುದಿಲ್ಲ. ನಿಲ್ಲಿಸುವುದಾದರೆ ಮೊದಲು ಖಾತೆಯ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿ, ಆಮೇಲೆ ಆ್ಯಪಿನಲ್ಲಿ ಅಳಿಸಿ.

ಬ್ಯಾಕಪ್ ತಾನಾಗಿ ಆಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ, ನೀವು ಹಾಗೆ ಆರಿಸಿದ್ದರೆ. 2023ರ ಏಪ್ರಿಲ್‌ನಿಂದ ಗೂಗಲ್ ಆಥೆಂಟಿಕೇಟರ್ ಕೀಗಳನ್ನು ನಿಮ್ಮ ಗೂಗಲ್ ಖಾತೆಯಲ್ಲಿ ಇಟ್ಟುಕೊಳ್ಳಬಲ್ಲದು. ಅಕ್ಕ ಆ್ಯಪ್ ಹಾಕುವಾಗ ಖಾತೆ ಇಲ್ಲದೆ ಬಳಸುತ್ತೇನೆ ಎಂದು ಒತ್ತಿದ್ದಳು, ಅದಕ್ಕೇ ಏನೂ ಉಳಿಯಲಿಲ್ಲ. ಇದರಲ್ಲಿ ಅನುಕೂಲ ಹೌದು, ಆದರೆ ಒಂದು ಗಂಟು ಉಂಟು. ಫೋನ್ ಕಳೆದುಹೋಯಿತು ಎಂದಿಟ್ಟುಕೊಳ್ಳಿ. ಹೊಸ ಫೋನಿನಲ್ಲಿ ಕೀಗಳು ಬರಬೇಕಾದರೆ ಗೂಗಲ್ ಖಾತೆಯ ಒಳಗೆ ಹೋಗಬೇಕು. ಗೂಗಲ್ ಖಾತೆ ಕೋಡ್ ಕೇಳುತ್ತದೆ. ಆ ಕೋಡಿನ ಕೀ ಇರುವುದು ಗೂಗಲ್ ಖಾತೆಯ ಒಳಗೆ. ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಆದ್ದರಿಂದ ಕೀಗಳನ್ನು ಗೂಗಲ್‌ನಲ್ಲಿ ಇಡುವವರಿಗೆ ಗೂಗಲ್‌ನದ್ದೇ ಆ 10 ಬ್ಯಾಕಪ್ ಕೋಡ್ ಕಾಗದದ ಮೇಲೆ ಇರಲೇಬೇಕು. ಉಳಿದ ಖಾತೆಗಳ ಕಾಗದ ಇಲ್ಲದಿದ್ದರೂ ಆ ಒಂದು ಕಾಗದದಿಂದ ಎಲ್ಲವೂ ವಾಪಸ್ ಬರುತ್ತದೆ.

ಮೈಕ್ರೋಸಾಫ್ಟ್ ಆಥೆಂಟಿಕೇಟರ್‌ಗೂ ಬ್ಯಾಕಪ್ ಇದೆ, ಆದರೆ ಆಂಡ್ರಾಯ್ಡ್‌ನಲ್ಲಿ ಮಾಡಿದ ಬ್ಯಾಕಪ್ ಐಫೋನ್‌ನಲ್ಲಿ ತೆರೆಯುವುದಿಲ್ಲ, ಅಲ್ಲಿಂದ ಇಲ್ಲಿಗೂ ಇಲ್ಲ. ಆಫೀಸು ಅಥವಾ ಕಾಲೇಜಿನ ಖಾತೆಗೆ ಅದನ್ನು ಬಳಸುವವರು ಹೊಸ ಫೋನಿನಲ್ಲಿ ಮತ್ತೆ ನೋಂದಾಯಿಸಬೇಕಾಗುತ್ತದೆ. ಹಳೆಯ ಫೋನ್ ಇರುವಾಗಲೇ ಅದನ್ನು ಮುಗಿಸಿಕೊಳ್ಳಿ, ಇಲ್ಲವಾದರೆ ಅಲ್ಲಿನ ಐಟಿ ವಿಭಾಗದ ಬಾಗಿಲು ತಟ್ಟಬೇಕು.

ಫೋನ್ ಕಳುವಾದರೆ ಕೆಲಸ ಬೇರೆ. ಆಗ ಹಳೆಯ ಕೀಯನ್ನು ಉಳಿಸಿಕೊಳ್ಳುವುದಲ್ಲ, ಸಾಯಿಸಬೇಕು. ಬ್ಯಾಕಪ್ ಕೋಡಿನಿಂದಲೋ ತೆರೆದೇ ಇರುವ ಲ್ಯಾಪ್‌ಟಾಪಿನಿಂದಲೋ ಖಾತೆಗೆ ಹೋಗಿ, ಗೂಗಲ್‌ನಲ್ಲಿ `Change authenticator app` ಒತ್ತಿ ಹೊಸ ಕೀ ಸ್ಕ್ಯಾನ್ ಮಾಡಿ. ಆ ಕ್ಷಣದಿಂದ ಕಳ್ಳನ ಕೈಯಲ್ಲಿರುವ ಫೋನ್ ತೋರಿಸುವ ಕೋಡ್ ನಡೆಯುವುದಿಲ್ಲ. ಪಾಸ್‌ವರ್ಡ್ ಬದಲಾಯಿಸಿ, ಕಳೆದ ಫೋನನ್ನು ಖಾತೆಯಿಂದ ಸೈನ್ ಔಟ್ ಮಾಡಿ. ಕಪಾಟಿನಲ್ಲಿರುವ ಹಳೆಯ ಕೀಯ ಕಾಗದವೂ ಇನ್ನು ವ್ಯರ್ಥ, ಹೊಸ ಕೀ ಬರೆದಿಡಿ.

ಕೋಡ್ ಕಾಣುತ್ತದೆ, ಆದರೆ ತಪ್ಪು ಎನ್ನುತ್ತದೆ

ನಮ್ಮ ಬಾವ ದುಬೈನಲ್ಲಿದ್ದಾರೆ. ಮಂಗಳೂರಿನಿಂದ ವಿಮಾನ ಹತ್ತಿದ ಮರುದಿನವೇ ಅವರ ಕೋಡ್ ಯಾವುದೂ ನಡೆಯಲಿಲ್ಲ. ಆರಂಕಿ ಕಾಣುತ್ತದೆ, 30 ಸೆಕೆಂಡಿಗೆ ಬದಲಾಗುತ್ತದೆ, ಹಾಕಿದರೆ ತಪ್ಪು ಎಂದು ಬರುತ್ತದೆ. ಊರಿನ ಸಿಮ್ ಬಿಟ್ಟು ಹೋದದ್ದಕ್ಕೆ ಹೀಗಾಯಿತು ಎಂದು ಅವರು ತಿಳಿದಿದ್ದರು.

ಕಾರಣ ಗಡಿಯಾರ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಫೋನ್ ತಾನಾಗಿ ಆ ದೇಶದ ವಲಯಕ್ಕೆ ಬದಲಾಗಿದ್ದರೆ ಏನೂ ಆಗುತ್ತಿರಲಿಲ್ಲ, ಯಾಕೆಂದರೆ ಲೆಕ್ಕ ನಡೆಯುವುದು ಊರಿನ ಗಂಟೆಯಲ್ಲಿ ಅಲ್ಲ, ಇಡೀ ಜಗತ್ತಿಗೆ ಒಂದೇ ಆಗಿರುವ ಯುಟಿಸಿ ಸಮಯದಲ್ಲಿ. ಬಾವ ವಲಯವನ್ನು ಭಾರತದಲ್ಲೇ ಬಿಟ್ಟು ಗಂಟೆಯನ್ನು ಕೈಯಾರೆ ಹಿಂದೆ ತಿರುಗಿಸಿದ್ದರು. ಫೋನಿನ ಮಟ್ಟಿಗೆ ಲೋಕವೇ ಒಂದೂವರೆ ಗಂಟೆ ಹಿಂದೆ ಹೋಯಿತು. ಅಂದರೆ 30 ಸೆಕೆಂಡಿನ 180 ತುಂಡು ಹಿಂದೆ. ಸ್ವಲ್ಪ ತಡವಾಗಿ ಟೈಪ್ ಮಾಡುವವರಿಗೆಂದು ಸಾಮಾನ್ಯವಾಗಿ ಹಿಂದಿನ ಒಂದು ಕೋಡನ್ನು ಒಪ್ಪುತ್ತಾರೆ, 180ನೆಯದನ್ನು ಯಾರು ಒಪ್ಪುತ್ತಾರೆ? ದಿನಾಂಕ, ಸಮಯವನ್ನು ಆಟೋಮ್ಯಾಟಿಕ್‌ಗೆ ಹಾಕಿ ಎಂದು ಹೇಳಿದೆ. ಹಾಕಿದರು, ಮುಂದಿನ ಕೋಡೇ ನಡೆಯಿತು. ಸಿಮ್ ಇಲ್ಲದೆಯೇ.

ಗಡಿಯಾರದ ತೊಂದರೆಯನ್ನು ಗುರುತಿಸುವುದು ಹೀಗೆ: ಆ್ಯಪಿನಲ್ಲಿರುವ ಎಲ್ಲ ಖಾತೆಯ ಕೋಡೂ ಒಟ್ಟಿಗೇ ಕೈಕೊಟ್ಟರೆ ಗಡಿಯಾರ ನೋಡಿ. ಒಂದೇ ಖಾತೆಯದ್ದು ನಡೆಯದೆ ಉಳಿದದ್ದು ನಡೆದರೆ ಕೀ ನೋಡಿ. ಅದೇ ಖಾತೆಯ ಹೆಸರು ಆ್ಯಪಿನಲ್ಲಿ ಎರಡು ಸಲ ಇರಬಹುದು, ಒಂದು ಹಳೆಯ ಕೀ, ಒಂದು ಹೊಸದು. ಎರಡನ್ನೂ ಹಾಕಿ ನೋಡಿ, ನಡೆಯದ್ದನ್ನು ಅಳಿಸಿ.

ಇಷ್ಟೆಲ್ಲ ಮಾಡಿದರೂ ಈ ಕೋಡ್ ತಡೆಯದ ಒಂದು ವಿಷಯ ಇದೆ. ಗೂಗಲ್‌ನ ಹಾಗೇ ಕಾಣುವ ಸುಳ್ಳು ಪುಟದಲ್ಲಿ ನೀವೇ ಕೋಡ್ ಹಾಕಿದರೆ, ಅಥವಾ ಫೋನ್ ಮಾಡಿದವನಿಗೆ ಓದಿ ಹೇಳಿದರೆ, ಅವನು ಆ 30 ಸೆಕೆಂಡಿನ ಒಳಗೆ ಅಸಲಿ ಪುಟದಲ್ಲಿ ಹಾಕಿ ಒಳಗೆ ಹೋಗಬಹುದು. ಕೋಡ್ ಹಾಕಿದವರು ಯಾರು ಎಂದು ಆ ಲೆಕ್ಕಕ್ಕೆ ಗೊತ್ತಾಗುವುದಿಲ್ಲ. ಕೋಡ್ ಹಾಕುವ ಮೊದಲು ವಿಳಾಸದ ಸಾಲನ್ನು ಓದಿ. ಆಥೆಂಟಿಕೇಟರ್ ಕೋಡನ್ನು ಫೋನಿನಲ್ಲಿ ಓದಿ ಹೇಳುವ ಸಂದರ್ಭ ನಿಮಗೆ ಬರುವುದೇ ಇಲ್ಲ.

ಒಂಬತ್ತು ದಿನದ ಮೇಲೆ ವೆಬ್‌ಸೈಟ್ ತೆರೆದಾಗ ಅಕ್ಕ ಮೊದಲು ಮಾಡಿದ್ದು ಹೊಸ ಕೀ ಬರೆದುಕೊಂಡದ್ದು. ಅದನ್ನು ನನ್ನ ಹಳೆಯ ಫೋನಿನಲ್ಲೂ ಟೈಪ್ ಮಾಡಿಸಿ, ಎರಡರಲ್ಲೂ ಒಂದೇ ಆರಂಕಿ ಬಂತಾ ಎಂದು ನೋಡಿ, ಬರೆದದ್ದು ಸರಿ ಇದೆ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ನನ್ನ ಫೋನಿನಿಂದ ಅಳಿಸಿಸಿದಳು. ಕಾಗದ ಈಗ ಪ್ಲಾಸ್ಟಿಕ್ ಕವರಿನಲ್ಲಿ, ರೇಷನ್ ಕಾರ್ಡಿನ ಜೊತೆ ಇದೆ.